ಹೆಸರು ಬದಲಿಸುವ ಮುಂಚೆ ಮದುವೆ ನೋಂದಾಯಿಸಿ

ನಮ್ಮ ಅಕ್ಕನಿಗೆ ಮದುವೆಯಾದ ದಿನವೇ ಮೂರು ಹೆಸರುಗಳಾದವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು. ಲಗ್ನಪತ್ರಿಕೆಯಲ್ಲಿ ಮನೆಯಲ್ಲಿ ಕರೆಯುವ ಇನ್ನೊಂದು ಹೆಸರು. ಅಕ್ಷತೆ ಬಿದ್ದ ಮೇಲೆ ಅತ್ತೆ ಮನೆಯವರು ತಟ್ಟೆಯ ಅಕ್ಕಿಯಲ್ಲಿ ಬರೆಸಿದ್ದು ಮತ್ತೊಂದು ಹೆಸರು. ನಮ್ಮ ರಾವೂರಿನ ಸುತ್ತಮುತ್ತ ಸೊಸೆಗೆ ಹೊಸ ಹೆಸರಿಡುವ ರೂಢಿ ಅನೇಕ ಮನೆಗಳಲ್ಲಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆ ಹೆಸರನ್ನು ಅವಸರದಲ್ಲಿ ಆಧಾರ್ ಕಾರ್ಡಿಗೆ ಏರಿಸುವುದರ ಬಗ್ಗೆ ಮಾತ್ರ ತಕರಾರಿದೆ.

ಮದುವೆಯಾಗಿ ತಿಂಗಳಾಗುವಷ್ಟರಲ್ಲಿ, ಜನಪ್ರತಿನಿಧಿಯೊಬ್ಬರ ದೃಢೀಕರಣ ಪತ್ರ ಕೊಟ್ಟು ಅಕ್ಕನ ಆಧಾರ್‌ನಲ್ಲಿ ಹೊಸ ಹೆಸರು, ಭಾವನ ಹೆಸರು, ಅವರ ಅಡ್ಡಹೆಸರು ಸೇರಿಸಿದರು. ಮದುವೆ ನೋಂದಣಿ ಮಾಡಿಸೋಣವೆಂದು ನಾನು ಅಂದಾಗ ಅವ್ವ ನಕ್ಕಳು. ‘ಮಠದಾಗ, ನೂರಾರು ಮಂದಿ ಮುಂದ ಲಗ್ನ ಆಗ್ಯಾದ. ಇನ್ನ ಸರ್ಕಾರಕ್ಕ ಯಾಕ ಹೇಳ್ಬೇಕು?’ ಎಂದಳು.

ಒಂದು ಅರ್ಥದಲ್ಲಿ ಅವ್ವನ ಮಾತು ಸರಿ. ನೋಂದಣಿ ಮಾಡಿಸದಿದ್ದರೆ ಮದುವೆ ಅಸಿಂಧುವಾಗುವುದಿಲ್ಲ. ಹಿಂದೂ ವಿವಾಹ ಕಾಯ್ದೆ 1955ರ 8ನೇ ಕಲಮೇ ಹಾಗೆ ಹೇಳುತ್ತದೆ. ಆದರೆ ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಸೀಮಾ ವಿರುದ್ಧ ಅಶ್ವನಿ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದಲ್ಲಿ ಅದಕ್ಕಾಗಿ 1976ರ ಕಾಯ್ದೆಯೂ ಇದೆ. ಮದುವೆಗೆ ಬಂದ ನೂರಾರು ಮಂದಿ ಊರಿಗೆ ಸಾಕ್ಷಿ. ಬ್ಯಾಂಕಿನ ಕೌಂಟರಿಗೂ ದೂತಾವಾಸಕ್ಕೂ ಬೇಕಾದ ಸಾಕ್ಷಿ ಬೇರೆ.

ಅದು ಗೊತ್ತಾಗಿದ್ದು ಮೂರು ವರ್ಷದ ನಂತರ. ಅಕ್ಕ ಕಾಲೇಜಿನಲ್ಲಿದ್ದಾಗ ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ ಹಳೆಯ ಹೆಸರಿನಲ್ಲಿತ್ತು. ಕೆವೈಸಿ ನವೀಕರಿಸಲು ಹೋದಾಗ ಬ್ಯಾಂಕಿನವರು ಆಧಾರ್ ನೋಡಿ, ‘ಇವರು ಬೇರೆ, ಖಾತೆದಾರರು ಬೇರೆ’ ಎಂದರು. ನಾವು ಮಠದವರು ಕೊಟ್ಟ ಮದುವೆ ಪತ್ರ ತೋರಿಸಿದೆವು. ಅವರು ಒಪ್ಪಲಿಲ್ಲ. ನಮಗೆ ಸಿಟ್ಟು ಬಂತು. ಆದರೆ ನಿಯಮ ಅವರ ಕಡೆಗಿತ್ತು. ಗುರುತಿನ ದಾಖಲೆ ಪಡೆದ ಮೇಲೆ ಹೆಸರು ಬದಲಾಗಿದ್ದರೂ ಆ ದಾಖಲೆಯನ್ನು ಒಪ್ಪಬಹುದು, ಆದರೆ ಬದಲಾವಣೆಯನ್ನು ತೋರಿಸುವ, ರಾಜ್ಯ ಸರ್ಕಾರ ಕೊಟ್ಟ ವಿವಾಹ ಪ್ರಮಾಣಪತ್ರ ಅಥವಾ ಗೆಜೆಟ್ ಅಧಿಸೂಚನೆ ಜೊತೆಗಿರಬೇಕು ಎಂದು ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ ಹೇಳುತ್ತದೆ. ಮಠದ ಪತ್ರ, ಸಾಮೂಹಿಕ ವಿವಾಹದಲ್ಲಿ ಸಂಘಟಕರು ಕೊಡುವ ಪತ್ರ ಮದುವೆ ನಡೆದದ್ದಕ್ಕೆ ಆಧಾರವಾದಾವು. ನೋಂದಣಾಧಿಕಾರಿಯ ಪ್ರಮಾಣಪತ್ರದ ಜಾಗದಲ್ಲಿ ಅವು ನಿಲ್ಲಲಾರವು.

ಅದೇ ಹೊತ್ತಿಗೆ ಭಾವನಿಗೆ ದುಬೈನಲ್ಲಿ ಕೆಲಸ ಸಿಕ್ಕಿತು. ಹೆಂಡತಿಯನ್ನು ಕರೆಸಿಕೊಳ್ಳಲು ವಿವಾಹ ಪ್ರಮಾಣಪತ್ರ ಬೇಕೇ ಬೇಕು. ಚಿತ್ತಾಪುರದ ಉಪನೋಂದಣಾಧಿಕಾರಿ ಕಚೇರಿಯ ಕೆಲಸಕ್ಕೆ ಕಾಗದ ಹೊಂದಿಸಲು ಕೂತೆವು. ಮದುವೆ ನಡೆದ ಊರು, ಅಥವಾ ಗಂಡ ಹೆಂಡತಿಯಲ್ಲಿ ಒಬ್ಬರು ವಾಸವಿರುವ ಊರು ಯಾವ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿ ಅರ್ಜಿ ಹಾಕಬೇಕು. ಬೇಕಾದ ಕಾಗದ ಬಹಳವಿಲ್ಲ. ಲಗ್ನಪತ್ರಿಕೆ, ಇಬ್ಬರೂ ಕಾಣುವ ಮದುವೆಯ ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇಲ್ಲವೇ ಜನನ ಪ್ರಮಾಣಪತ್ರ, ವಿಳಾಸದ ದಾಖಲೆ, ಇಬ್ಬರ ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಜೊತೆಗೆ ಗುರುತಿನ ಚೀಟಿ ಇರುವ ಮೂವರು ಸಾಕ್ಷಿಗಳು. ಮದುವೆಯ ದಿನ ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು. 2024ರಿಂದ ಹಿಂದೂ ವಿವಾಹಗಳಿಗೆ ಕಾವೇರಿ 2.0 ಜಾಲತಾಣದಲ್ಲೂ ಅರ್ಜಿ ಹಾಕಬಹುದು. ಅಲ್ಲಿ ಗುರುತು ಖಚಿತವಾಗುವುದು ಆಧಾರ್ ಮೂಲಕವೇ.

ನಾವು ಸಿಕ್ಕಿಬಿದ್ದದ್ದೂ ಆಧಾರ್‌ನಲ್ಲೇ. ಅಂಕಪಟ್ಟಿ, ಲಗ್ನಪತ್ರಿಕೆ, ಆಧಾರ್ ಮೂರರಲ್ಲೂ ಬೇರೆ ಬೇರೆ ಹೆಂಗಸರು! ಇದ್ದ ಆಧಾರ್ ಹಿಡಿದೇ ಹೇಗೋ ನೋಂದಣಿ ಮಾಡಿಸಿದ್ದರೂ ಪ್ರಮಾಣಪತ್ರದಲ್ಲಿ ಹೊಸ ಹೆಸರೇ ಬರುತ್ತಿತ್ತು. ಹಳೆಯ ಹೆಸರಿನ ಹುಡುಗಿಯೂ ಹೊಸ ಹೆಸರಿನ ಹೆಂಡತಿಯೂ ಒಬ್ಬಳೇ ಎಂದು ಆ ಕಾಗದ ಎಲ್ಲೂ ಹೇಳುತ್ತಿರಲಿಲ್ಲ. ಬ್ಯಾಂಕಿನ ಗಂಟು ಹಾಗೇ ಉಳಿಯುತ್ತಿತ್ತು.

ಕೊನೆಗೆ ನಾವು ಹಿಂದಕ್ಕೆ ನಡೆದೆವು. ಅಂಕಪಟ್ಟಿ ಕೊಟ್ಟು ಆಧಾರ್‌ನಲ್ಲಿ ತವರಿನ ಹೆಸರನ್ನೇ ಮತ್ತೆ ಹಾಕಿಸಿದೆವು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಬಾರಿ ಬದಲಿಸಬಹುದು. ಅಕ್ಕನ ಎರಡೂ ಅವಕಾಶ ಇದರಲ್ಲೇ ಮುಗಿದವು. ಲಗ್ನಪತ್ರಿಕೆಯ ಹೆಸರೂ ತನ್ನದೇ ಎಂದು ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿದಳು. ಆಮೇಲೆ ನೋಂದಣಿ ಸಲೀಸಾಯಿತು. ಪ್ರಮಾಣಪತ್ರದಲ್ಲಿ ಇಂಥವರ ಮಗಳು, ಇಂಥವರ ಹೆಂಡತಿ ಎಂದು ತವರಿನ ಹೆಸರಿನಲ್ಲೇ ಬಂತು. ಅದೇ ಹೆಸರಿನಲ್ಲಿ ಪಾಸ್‌ಪೋರ್ಟ್ ಆಯಿತು. ಖಾತೆಯ ಹೆಸರು ಮುಟ್ಟಬೇಕಾಗಲೇ ಇಲ್ಲ.

ದುಬೈಗೆ ಆ ಪ್ರಮಾಣಪತ್ರವನ್ನು ಹಾಗೇ ಒಯ್ದರೆ ಸಾಲದು. ಮೊದಲು ರಾಜ್ಯ ಸರ್ಕಾರ, ನಂತರ ವಿದೇಶಾಂಗ ಸಚಿವಾಲಯ ಅದನ್ನು ದೃಢೀಕರಿಸಬೇಕು. ಅಪೊಸ್ಟಿಲ್ ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಸಾಕು. ಭಾರತ 2005ರಿಂದ ಆ ಒಪ್ಪಂದದಲ್ಲಿದೆ. ಯುಎಇ ಅದರಲ್ಲಿ ಇಲ್ಲದ ಕಾರಣ ಅಕ್ಕನ ಪತ್ರಕ್ಕೆ ಅವರ ದೂತಾವಾಸದ ಮುದ್ರೆಯೂ, ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯ ಮುದ್ರೆಯೂ ಬೇಕಾದವು. ಇಷ್ಟು ಕಡೆ ಕಾಗದ ತಿರುಗುವುದರಿಂದ ಪ್ರಮಾಣಪತ್ರದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಮತ್ತೆ ಚಿತ್ತಾಪುರದಿಂದ ಶುರು.

ಹಾಗಾಗಿ ಮದುವೆ ಗೊತ್ತಾದ ಮನೆಯವರಿಗೆ ನನ್ನ ಮಾತು ಇಷ್ಟೇ. ಲಗ್ನಪತ್ರಿಕೆ ಅಚ್ಚಿಗೆ ಕೊಡುವಾಗಲೇ ಅಂಕಪಟ್ಟಿಯಲ್ಲಿರುವ ಹೆಸರು ಹಾಕಿಸಿ, ಮುದ್ದಿನ ಹೆಸರು ಬೇಕಿದ್ದರೆ ಪಕ್ಕದಲ್ಲಿರಲಿ. ಮದುವೆಯಾದ ಕೆಲವೇ ದಿನಗಳಲ್ಲಿ, ಮೂವರು ಸಾಕ್ಷಿಗಳು ಊರಲ್ಲಿರುವಾಗಲೇ, ತವರಿನ ಹೆಸರಿನಲ್ಲಿ ನೋಂದಣಿ ಮಾಡಿಸಿ. ಆ ತನಕ ಆಧಾರ್ ಮುಟ್ಟಬೇಡಿ. ಗಂಡನ ಹೆಸರು, ಅಡ್ಡಹೆಸರು ಸೇರಿಸಿಕೊಳ್ಳಬೇಕೆಂದು ಹುಡುಗಿಗೇ ಅನಿಸಿದರೆ ಆ ಪ್ರಮಾಣಪತ್ರ ತೋರಿಸಿ ಆಧಾರ್, ಪ್ಯಾನ್, ಬ್ಯಾಂಕ್ ಎಲ್ಲವನ್ನೂ ಬದಲಿಸಬಹುದು. ಅವಳ ಸ್ವಂತ ಹೆಸರೇ ಬೇರೆಯಾಗುವುದಾದರೆ ವಿವಾಹ ಪ್ರಮಾಣಪತ್ರವೊಂದೇ ಸಾಲದು, ಗೆಜೆಟ್‌ವರೆಗೆ ಹೋಗಬೇಕಾಗುತ್ತದೆ. ವಧುವರರು ಬೇರೆ ಬೇರೆ ಧರ್ಮದವರಾದರೆ ವಿಶೇಷ ವಿವಾಹ ಕಾಯ್ದೆ 1954ರಡಿ 30 ದಿನಗಳ ನೋಟಿಸು ಇರುವುದರಿಂದ ಇನ್ನೂ ಮುಂಚೆ ಅರ್ಜಿ ಹಾಕಬೇಕು.

ಮದುವೆಯಾದವಳು ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳಿಲ್ಲ. ಇದನ್ನು ಅಕ್ಕನ ಅತ್ತೆಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಕಾಗದದಾಗ ಏನರೆ ಇರ್ಲಿ ಬಿಡ್ರೀ, ಮನ್ಯಾಗ ನಾ ಇಟ್ಟ ಹೆಸರಲೇ ಕರೀತೀನಿ’ ಎಂದರು. ಈಗ ಪ್ರತಿ ಶುಕ್ರವಾರ ದುಬೈಗೆ ಫೋನು ಮಾಡಿ ಅದೇ ಹೆಸರಿನಿಂದ ಕರೆಯುತ್ತಾರೆ. ಅಕ್ಕನೂ ಓಗೊಡುತ್ತಾಳೆ.