ಪೋಡಿ ಕೇಳಿದವರಿಗೆ ಪೊಡಿ ಇಡ್ಲಿ

"ಕನ್ನಡ ಲಿಪೀಲಿ ಟೈಟಲ್ ಹಾಕಿದ್ರೆ ಯಾರೂ ಹುಡುಕಲ್ಲ ಗುರು. ಇಂಗ್ಲಿಷ್ ಅಕ್ಷರದಲ್ಲಿ ಹಾಕು. ನಾನು ಹೇಳ್ತಿಲ್ಲ, ಡೇಟಾ ಹೇಳ್ತಿದೆ."

ಈ ಮಾತನ್ನು ನಾನು ಆಫೀಸಿನ ಕ್ಯಾಂಟೀನಿನಲ್ಲಿ ಕೇಳಿದ್ದೇನೆ, ಗೆಳೆಯರ ಮದುವೆ ಊಟದ ಸಾಲಿನಲ್ಲೂ ಕೇಳಿದ್ದೇನೆ. ಹೇಳುವವರು ಕನ್ನಡದ ವಿರೋಧಿಗಳೇನಲ್ಲ. ನವೆಂಬರ್ ಬಂದರೆ ಹಳದಿ ಕೆಂಪು ಶಾಲು ಹೊದ್ದು ಫೋಟೋ ತೆಗೆಸಿಕೊಳ್ಳುವವರೇ. ಇವರ ಕನ್ನಡಾಭಿಮಾನದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಇವರ ಲೆಕ್ಕದ ಬಗ್ಗೆ. ದಿನಾ ಬೆಳಗ್ಗೆ ಡ್ಯಾಶ್‌ಬೋರ್ಡ್ ನೋಡಿಯೇ ಸಂಬಳ ತಗೊಳ್ಳುವ ನಾವು, ಮನೆಯವರ ವಿಷಯಕ್ಕೆ ಬಂದಾಗ ಇಷ್ಟು ಕೆಟ್ಟದಾಗಿ ಅಂಕಿ ಓದುತ್ತೇವಲ್ಲ, ಅದಕ್ಕೆ ನನ್ನ ಸಿಟ್ಟು.

ನನ್ನ ದೊಡ್ಡಪ್ಪನ ಮಗ ಊರಲ್ಲಿ ಲೈಸೆನ್ಸ್ ಸರ್ವೇಯರ್. ಹೊಲ ಅಳೆಯುವ ಕೆಲಸದ ಜೊತೆಗೆ ಯೂಟ್ಯೂಬಿನಲ್ಲಿ ಜಮೀನಿನ ಕಾಗದಪತ್ರಗಳ ಬಗ್ಗೆ ವಿಡಿಯೋ ಮಾಡುತ್ತಾನೆ. ಅದರಲ್ಲಿ ಒಂದು ಪೋಡಿ ಬಗ್ಗೆ. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಜನರ ಹೆಸರು ಒಟ್ಟಿಗಿದ್ದರೆ, ಅಳತೆ ಮಾಡಿಸಿ, ಹಿಸ್ಸಾ ಬೇರೆ ಮಾಡಿಸಿ, ಒಬ್ಬೊಬ್ಬರಿಗೂ ಅವರದೇ ಪಹಣಿ, ಅವರದೇ ನಕ್ಷೆ ಬರುವಂತೆ ಮಾಡುವುದು ಪೋಡಿ. ಇನ್ನೊಂದು ಪೌತಿ ಖಾತೆ ಬಗ್ಗೆ. ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು ಅದು. ಹಳ್ಳಿಯಲ್ಲಿ ಅಣ್ಣತಮ್ಮಂದಿರು ಮಾತು ಬಿಡುವುದು ಬಹಳ ಸಲ ಈ ಎರಡು ಕೆಲಸ ಆಗದೇ ಉಳಿದಿದ್ದಕ್ಕೇ.

ಎರಡಕ್ಕೂ ಅವನು ಕನ್ನಡದಲ್ಲೇ ಶೀರ್ಷಿಕೆ ಕೊಟ್ಟಿದ್ದ. ಆಮೇಲೆ ಬೆಂಗಳೂರಿನ ಗೆಳೆಯನೊಬ್ಬನ ಮಾತು ಕೇಳಿ ಪೋಡಿ ವಿಡಿಯೋದ ಶೀರ್ಷಿಕೆಯನ್ನು `Podi madisodu hege` ಅಂತ ಬದಲಾಯಿಸಿದ. ತಿಂಗಳಲ್ಲಿ ನೋಟಗಳು ಏರಿದವು. "ನೋಡೋ, ನಿನ್ನ ಕನ್ನಡ ಪ್ರೇಮದಿಂದ ನಾನು ಎಷ್ಟು ಜನ ಕಳ್ಕೊಂಡಿದ್ದೆ ಅಂತ!" ಎಂದು ಫೋನ್ ಮಾಡಿದ.

"ಅಣ್ಣಾ, ಆ ನೋಟ ಎಲ್ಲಿಂದ ಬಂದಿದ್ದು ನೋಡಿದ್ಯಾ?" ಅಂದೆ.

ನೋಡಿರಲಿಲ್ಲ. ಯಾರೂ ನೋಡುವುದಿಲ್ಲ.

ಒಂದು ವಿಡಿಯೋಗೆ ಜನ ಹಲವು ದಾರಿಗಳಲ್ಲಿ ಬರುತ್ತಾರೆ. ಹುಡುಕಿ ಬರುವವರು ಒಂದು ಗುಂಪು. ಮುಖಪುಟದಲ್ಲಿ ಕಂಡಿದ್ದನ್ನು ಒತ್ತುವವರು, ಬೇರೆ ವಿಡಿಯೋದ ಪಕ್ಕದಲ್ಲಿ ಕಂಡಿದ್ದನ್ನು ಒತ್ತುವವರು, ವಾಟ್ಸಾಪಿನ ಕೊಂಡಿಯಿಂದ ಬರುವವರು ಬೇರೆ ಬೇರೆ ಗುಂಪುಗಳು. ವಾಟ್ಸಾಪಿನಿಂದ ಬಂದವನು ಏನನ್ನೂ ಟೈಪ್ ಮಾಡಿರುವುದಿಲ್ಲ. ಅವನ ನೋಟವನ್ನು ರೋಮನ್ ಅಕ್ಷರದ ಖಾತೆಗೆ ಜಮಾ ಮಾಡುವುದು ಶುದ್ಧ ತಪ್ಪು. ಯೂಟ್ಯೂಬ್ ಸ್ಟುಡಿಯೋದಲ್ಲಿ ವಿಡಿಯೋದ ಅನಲಿಟಿಕ್ಸ್ ತೆರೆದು, ನೋಟಗಳ ಮೂಲದಲ್ಲಿ ಯೂಟ್ಯೂಬ್ ಹುಡುಕಾಟ ಅನ್ನುವುದನ್ನು ಒತ್ತಿದರೆ, ಜನ ಟೈಪ್ ಮಾಡಿದ ಪದಗಳ ಪಟ್ಟಿಯೇ ಬರುತ್ತದೆ. ಲಿಪಿಯ ಜಗಳಕ್ಕೆ ಸಾಕ್ಷಿ ಹೇಳಬೇಕಾದದ್ದು ಆ ಪಟ್ಟಿ. ಒಟ್ಟು ನೋಟದ ಸಂಖ್ಯೆಗೆ ಇಲ್ಲಿ ಕೆಲಸವಿಲ್ಲ.

ಅಣ್ಣನ ಪಟ್ಟಿ ತೆರೆದೆವು. ಏರಿದ ನೋಟಗಳಲ್ಲಿ ಹೆಚ್ಚಿನವು ಮುಖಪುಟದಿಂದ ಬಂದಿದ್ದವು. ಹುಡುಕಾಟದಿಂದ ಬಂದವೂ ಏರಿದ್ದವು, ನಿಜ. ಆದರೆ ಪಟ್ಟಿಯಲ್ಲಿ `podi idli`, `podi dosa`, `jeegujje podi` ಕೂತಿದ್ದವು! ಬೆಂಗಳೂರಿನ ಹೋಟೆಲಿನ ಪೊಡಿ ಇಡ್ಲಿ ನಿಮಗೆ ಗೊತ್ತಲ್ಲ, ತಮಿಳಿನ ಪೊಡಿ, ಅಂದರೆ ಪುಡಿ. ಜೀಗುಜ್ಜೆ ಪೋಡಿ ಕರಾವಳಿಯ ಬಜ್ಜಿ. ಕನ್ನಡದಲ್ಲಿ ಪೊ ಬೇರೆ, ಪೋ ಬೇರೆ. ರೋಮನ್ನಿನಲ್ಲಿ ಎರಡೂ `po`. ಇಡ್ಲಿಗೆ ತುಪ್ಪ ಹಾಕಿಕೊಳ್ಳಲು ಬಂದವರಿಗೆ ನಮ್ಮಣ್ಣ ಸರ್ವೆ ನಕ್ಷೆ ತೋರಿಸುತ್ತಿದ್ದ. ಅವರು ಅರ್ಧ ನಿಮಿಷಕ್ಕೇ ಎದ್ದು ಹೋಗುತ್ತಿದ್ದರು, ಆದರೂ ನೋಟದ ಲೆಕ್ಕಕ್ಕೆ ಸೇರುತ್ತಿದ್ದರು.

ಕರಾವಳಿಯ ಪೋಡಿ ಕನ್ನಡ ಲಿಪಿಯಲ್ಲೂ ಪೋಡಿಯೇ, ಅದನ್ನು ಒಪ್ಪುತ್ತೇನೆ. ಕನ್ನಡ ಲಿಪಿ ಹಾಕಿದ ಮಾತ್ರಕ್ಕೆ ಎಲ್ಲ ಗೊಂದಲ ಹೋಗುವುದಿಲ್ಲ. ಅದಕ್ಕೆ "ಜಮೀನು ಪೋಡಿ" ಅಂತ ಒಂದು ಪದ ಸೇರಿಸಿದರೆ ಸಾಕು. ಆದರೆ ಕನ್ನಡ ಲಿಪಿ ತಾನಾಗಿ ಬೇರ್ಪಡಿಸಿ ಕೊಡುತ್ತಿದ್ದ ಅರ್ಥಗಳನ್ನು ರೋಮನ್ನಿಗೆ ಹೋಗಿ ನಾವೇ ಕಲಸಿಕೊಳ್ಳುವುದು ಯಾವ ಜಾಣತನ?

ಹೋಲಿಸುವ ರೀತಿಯಲ್ಲಿ ಇನ್ನೊಂದು ದೋಷವಿದೆ. ಸಾಮಾನ್ಯವಾಗಿ ಮಾಡುವುದೇನು? ಒಂದು ವಿಡಿಯೋಗೆ ಕನ್ನಡ, ಇನ್ನೊಂದಕ್ಕೆ ರೋಮನ್. ಯಾವುದು ಹೆಚ್ಚು ಓಡಿತೋ ಆ ಲಿಪಿ ಗೆದ್ದಿತು! ದುಂಡು ಸಂಖ್ಯೆಯ ಉದಾಹರಣೆ ಇಟ್ಟುಕೊಂಡು ನೋಡೋಣ. 28 ದಿನಗಳಲ್ಲಿ ರೋಮನ್ ಶೀರ್ಷಿಕೆಯ ಪೋಡಿಗೆ ಹುಡುಕಾಟದಿಂದ 900 ನೋಟ, ಕನ್ನಡ ಶೀರ್ಷಿಕೆಯ ಪೌತಿ ಖಾತೆಗೆ 400. ರೋಮನ್ ಎರಡು ಪಟ್ಟಿಗಿಂತ ಹೆಚ್ಚು ಅನ್ನಿಸುತ್ತದೆ. ಈಗ ಅದಲು ಬದಲು ಮಾಡಿ. ಮುಂದಿನ 28 ದಿನ ಪೋಡಿಗೆ ಕನ್ನಡ, ಪೌತಿಗೆ ರೋಮನ್. ಪೋಡಿಗೆ 700, ಪೌತಿಗೆ 250 ಬಂತು ಅನ್ನಿ. ಎರಡೂ ಸುತ್ತು ಕೂಡಿದರೆ ರೋಮನ್ನಿಗೆ 1150, ಕನ್ನಡಕ್ಕೆ 1100. ಅಂದರೆ ಮೊದಲು ಕಂಡ ಅಗಾಧ ಅಂತರ ಲಿಪಿಯದ್ದಲ್ಲ, ಪೋಡಿ ಅನ್ನುವ ವಿಷಯದ್ದು. ಉಳಿದ 50ರ ಅಂತರದಲ್ಲಿ ಇಡ್ಲಿ ತಿನ್ನಲು ಬಂದವರನ್ನು ಕಳೆದರೆ ಏನು ಉಳಿಯುತ್ತದೆ ಅಂತ ನೀವೇ ನೋಡಿ. ಇಷ್ಟೇ ಸಣ್ಣ ಪರೀಕ್ಷೆ. ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸಲು ಇದಕ್ಕಿಂತ ಹತ್ತು ಪಟ್ಟು ಜಾಗ್ರತೆ ವಹಿಸುತ್ತೇವೆ.

ಅಣ್ಣನ ಜೊತೆ ನಾವು ಹೀಗೇ ಎರಡು ಸುತ್ತು ಮಾಡಿದೆವು. ಆ ದಿನಗಳಲ್ಲಿ ಚಿತ್ರವನ್ನಾಗಲಿ ವಿವರಣೆಯನ್ನಾಗಲಿ ಮುಟ್ಟಲಿಲ್ಲ. ಎರಡು ಸಂಗತಿ ಕಂಡವು.

ಮೊದಲನೆಯದು, ಪೌತಿ ಖಾತೆ ಹುಡುಕುವವರಲ್ಲಿ ರೋಮನ್ ಬಳಸುವವರು ಒಂದೇ ರೀತಿ ಬರೆಯುವುದಿಲ್ಲ. ಪೌತಿಗೆ `pauti`, `pouti`, `pouthi`, `pavati`, `pavathi`. ಖಾತೆಗೆ `khate`, `khata`, `khathe`, `kathe`. ಐದು ನಾಲ್ಕಲಿ ಇಪ್ಪತ್ತು ಜೋಡಿ. ಕನ್ನಡದಲ್ಲಿ ಪೌತಿ, ಪವತಿ ಅಂತ ಎರಡು ರೂಪ, ಅಷ್ಟೇ. ಶೀರ್ಷಿಕೆಗೆ ಯೂಟ್ಯೂಬ್ ಕೊಡುವುದು 100 ಅಕ್ಷರ. ಇಪ್ಪತ್ತರಲ್ಲಿ ಯಾವುದನ್ನು ಹಾಕುತ್ತೀರಿ? ಹುಡುಕಾಟದ ಯಂತ್ರ ಹತ್ತಿರದ ಕಾಗುಣಿತಗಳನ್ನು ಒಂದಿಷ್ಟು ಹೊಂದಿಸಿಕೊಳ್ಳುತ್ತದೆ, ಒಂದು ಲಿಪಿಯಲ್ಲಿ ಹುಡುಕಿದವನಿಗೆ ಇನ್ನೊಂದು ಲಿಪಿಯ ಶೀರ್ಷಿಕೆ ಸಿಗುವುದೂ ಉಂಟು. ಆದರೆ `kathe` ಎಂದು ಬರೆದವನಿಗೆ ಖಾತೆ ಬೇಕೋ ಕತೆ ಬೇಕೋ ಎಂದು ಆ ಯಂತ್ರ ಊಹೆ ಮಾಡಬೇಕು. ಹಾಗಾಗಿ ಪಟ್ಟಿಯನ್ನು ಸಾಲು ಸಾಲಾಗಿ ಓದಬೇಡಿ. ಒಂದೇ ಪದದ ಎಲ್ಲ ರೂಪಗಳನ್ನೂ ಗುಡ್ಡೆ ಹಾಕಿ ಕೂಡಿ, ಆಮೇಲೆ ಕನ್ನಡದ ಗುಡ್ಡೆಯ ಜೊತೆ ಹೋಲಿಸಿ. ಇದು ರೋಮನ್ನಿಗೂ ನ್ಯಾಯ.

ಎರಡನೆಯದು, ಕನ್ನಡ ಲಿಪಿಯಲ್ಲಿ ಬಂದ ಸಾಲುಗಳು ಉದ್ದವಾಗಿದ್ದವು. "ತಂದೆ ತೀರಿಕೊಂಡ ಮೇಲೆ ಜಮೀನು ಮಕ್ಕಳ ಹೆಸರಿಗೆ" ಅನ್ನುವಂಥವು. ಇಷ್ಟುದ್ದ ಯಾರು ಟೈಪ್ ಮಾಡುತ್ತಾರೆ ಅಂತ ನಾನು ತಲೆ ಕೆರೆದುಕೊಂಡೆ. ಊರಿಗೆ ಹೋದಾಗ ಉತ್ತರ ಸಿಕ್ಕಿತು. ಅಪ್ಪ ಟೈಪ್ ಮಾಡುವುದೇ ಇಲ್ಲ. ಮೈಕಿನ ಗುರುತು ಒತ್ತಿ ಫೋನಿಗೆ ಬಾಯಿ ಹತ್ತಿರ ಹಿಡಿದು, ಶಾನುಭೋಗರ ಮುಂದೆ ಅಹವಾಲು ಹೇಳಿದ ಹಾಗೆ ಇಡೀ ವಾಕ್ಯ ಹೇಳುತ್ತಾರೆ. ಫೋನಿನಲ್ಲಿ ಕನ್ನಡ ಆಯ್ಕೆ ಮಾಡಿದ್ದರೆ ಅದು ಕನ್ನಡ ಲಿಪಿಯಲ್ಲೇ ಮೂಡುತ್ತದೆ. ಆಯ್ಕೆ ಇಂಗ್ಲಿಷಿನಲ್ಲಿದ್ದಾಗ ಅಪ್ಪ ಪೋಡಿ ಅಂದರೆ ಅದು `body` ಅಂತ ಬರೆದುಕೊಂಡಿತು, ಅದು ಬೇರೆ ಕತೆ. ಜೀಬೋರ್ಡಿನಂಥ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೂ ಮೂಡುವುದು ಕನ್ನಡ, ಆ ಸೌಲಭ್ಯವೂ ಇದೆ. "ಕನ್ನಡದಲ್ಲಿ ಯಾರೂ ಟೈಪ್ ಮಾಡಲ್ಲ" ಅನ್ನುವವರು ತಮ್ಮ ಹೆಬ್ಬೆರಳನ್ನು ಮಾತ್ರ ನೋಡಿಕೊಂಡಿದ್ದಾರೆ.

ರೋಮನ್ ಗೆಲ್ಲುವ ಕಡೆಯೂ ಇದೆ. ಅಣ್ಣನ ಮೂರನೇ ವಿಡಿಯೋ ಇ-ಖಾತಾ ಬಗ್ಗೆ, ಸೈಟು ಫ್ಲಾಟು ಇರುವವರಿಗಾಗಿ ಮಾಡಿದ್ದು. ಅಲ್ಲಿ ರೋಮನ್ ಸಲೀಸಾಗಿ ಗೆದ್ದಿತು, ಜನ ಪೂರ್ತಿ ನೋಡಿಯೂ ಹೋದರು. ಕಾರಣ ಸ್ಪಷ್ಟ. ಆ ಹೆಸರನ್ನು ಅವರು ಪರದೆಯ ಮೇಲೆ ಓದಿದ್ದೇ `e-Khata` ಅಂತ, ಹುಡುಕಿದ್ದೂ ಹಾಗೇ. `RTC`, `EC` ಕೂಡ ಅಷ್ಟೇ. ಅವುಗಳನ್ನು ಹಟಕ್ಕೆ ಕನ್ನಡ ಮಾಡಿ ಅಂತ ನಾನು ಹೇಳುವುದಿಲ್ಲ. ಒಂದು ಪದ ಜನರ ಕಣ್ಣಿಗೆ ಯಾವ ಲಿಪಿಯಲ್ಲಿ ಬಿದ್ದಿದೆಯೋ ಆ ಲಿಪಿಯಲ್ಲಿ ಇರಲಿ. ಪೋಡಿ, ಪೌತಿ, ಪಹಣಿ ಜನರಿಗೆ ಬಂದಿದ್ದು ನಾಡಕಚೇರಿಯ ಗೋಡೆಯಿಂದ, ಕನ್ನಡದ ಅರ್ಜಿ ನಮೂನೆಯಿಂದ.

ಹಾಗಾದರೆ ರೋಮನ್ನಿನಲ್ಲಿ ಪೌತಿ ಹುಡುಕುವವನ ಗತಿ ಏನು? ಅವನಿಗೂ ಜಾಗವಿದೆ. ಟ್ಯಾಗುಗಳು ಹುಡುಕಾಟಕ್ಕೆ ಹೆಚ್ಚೇನೂ ಸಹಾಯ ಮಾಡುವುದಿಲ್ಲ, ಜನ ಸಾಮಾನ್ಯವಾಗಿ ತಪ್ಪು ಕಾಗುಣಿತದಲ್ಲಿ ಬರೆಯುವ ಪದಗಳಿಗೆ ಅವು ಉಪಯುಕ್ತ ಅಂತ ಯೂಟ್ಯೂಬೇ ಹೇಳುತ್ತದೆ. `pouthi`, `pavathi` ಕೂರಬೇಕಾದದ್ದು ಅಲ್ಲಿ. ವಿವರಣೆಯ ಮೊದಲ ಸಾಲಲ್ಲಿ ಒಂದು ರೋಮನ್ ವಾಕ್ಯವೂ ಇರಲಿ. ಇಪ್ಪತ್ತು ಕಾಗುಣಿತವನ್ನೂ ವಿವರಣೆಗೆ ಸುರಿಯಬೇಡಿ, ಅದು ಅವರ ನಿಯಮಕ್ಕೆ ವಿರುದ್ಧ.

ಕೊನೆಗೆ ಅಣ್ಣ ಪೋಡಿ ವಿಡಿಯೋಗೆ "ಜಮೀನು ಪೋಡಿ ಮಾಡಿಸುವುದು ಹೇಗೆ" ಅಂತ ಇಟ್ಟ. ನೋಟಗಳು ಸ್ವಲ್ಪ ಇಳಿದವು, ಸುಳ್ಳು ಹೇಳುವುದಿಲ್ಲ. ಆದರೆ ಬಂದವರು ಕೊನೆವರೆಗೂ ಕೂತರು, ಕೆಳಗೆ ಸರ್ವೆ ನಂಬರ್ ಸಮೇತ ಪ್ರಶ್ನೆ ಕೇಳಿದರು. "ಈಗ ಬರೋರು ನನ್ನ ಜನ ಕಣೋ" ಅಂದ.

ಊರಿನವರ ವಿಡಿಯೋಗಳಿಗೆ ಬೆಂಗಳೂರಲ್ಲಿ ಕೂತು ಶೀರ್ಷಿಕೆ ತಿದ್ದುವ ಗೆಳೆಯರೇ, ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಪ್ಪನೋ ಅಮ್ಮನೋ ಕೇಳಿದರೆ ಕೊಡುತ್ತಾರೆ, ಅವರ ಫೋನಿನಲ್ಲಿ ಹಿಂದೆ ಹುಡುಕಿದ್ದರ ಪಟ್ಟಿ ತೆರೆಯಿರಿ. ಅದು ಯಾವ ಲಿಪಿಯಲ್ಲಿದೆ ನೋಡಿ. ಆಮೇಲೆ ಬಂದು ನನಗೆ ಡೇಟಾ ಹೇಳ್ತಿದೆ ಅನ್ನಿ.