ಲಂಗದ ಮೇಲಿನ ಕಲೆ

ಅರವತ್ತೆರಡರ ಆ ತಾಯಿ ನನ್ನೆದುರು ಕೂತು ಮಂಡಿನೋವಿನ ಮಾತನ್ನೇ ಆಡುತ್ತಿದ್ದರು. "ಅತ್ತೆ, ಅದನ್ನೂ ಹೇಳಿ" ಎಂದು ಸೊಸೆ ತಿವಿದ ಮೇಲೆ ಬಾಯಿಬಿಟ್ಟರು: "ಏನಿಲ್ಲ ಡಾಕ್ಟ್ರೇ, ಮೂರು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ಲಂಗಕ್ಕೆ ಚೂರು ಕಲೆ ಆಗುತ್ತೆ. ಉಷ್ಣ ಅಂತ ಎಳನೀರು ಕುಡೀತಿದ್ದೆ."

ಮುಟ್ಟು ನಿಂತು ಹನ್ನೊಂದು ವರ್ಷವಾಗಿತ್ತು. ಒಂದು ವರ್ಷ ಪೂರ್ತಿ ನಿಂತ ಮೇಲೆ ಕಾಣುವ ರಕ್ತ ಒಂದೇ ತೊಟ್ಟಾದರೂ ತಪಾಸಣೆ ಆಗಲೇಬೇಕು. ಹೀಗೆ ಬರುವ ಹತ್ತು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಒಳಪದರ ಒಣಗಿರುತ್ತದೆ, ಇಲ್ಲವೇ ಪಾಲಿಪ್ ಇರುತ್ತದೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಆದವರಲ್ಲಿ ಹೆಚ್ಚುಕಡಿಮೆ ಹತ್ತಕ್ಕೆ ಒಂಬತ್ತು ಮಂದಿಗೆ ರಕ್ತ ಕಂಡಿರುತ್ತದೆ. ಪ್ಯಾಪ್ ಪರೀಕ್ಷೆ ನಾರ್ಮಲ್ ಬಂದಿದೆ ಎಂದು ಸಮಾಧಾನಪಡುವ ಹಾಗಿಲ್ಲ, ಅದು ನೋಡುವುದು ಗರ್ಭಕೊರಳನ್ನು.

ಯೋನಿಯ ಮೂಲಕ ಮಾಡಿದ ಸ್ಕ್ಯಾನ್‌ನಲ್ಲಿ ಇವರ ಒಳಪದರ 9 ಮಿ.ಮೀ. ದಪ್ಪವಿತ್ತು. 4 ಮಿ.ಮೀ. ಅಥವಾ ಕಡಿಮೆ ಇದ್ದರೆ ಕ್ಯಾನ್ಸರ್ ಬಹಳ ಅಪರೂಪ. ಆದರೂ ಕೆಲವು ಉಗ್ರ ಬಗೆಗಳು ತೆಳು ಪದರದಲ್ಲೂ ಬೆಳೆಯುತ್ತವೆ. ರಕ್ತ ಮತ್ತೆ ಕಂಡರೆ ಸ್ಕ್ಯಾನ್ ನಂಬಿ ಕೂರಬಾರದು.

"ಈ ವಯಸ್ಸಲ್ಲಿ ಗರ್ಭಕೋಶ ಯಾಕೆ, ತೆಗೆದೇ ಬಿಡಿ" ಎಂದ ಮಗ. ನಮ್ಮಲ್ಲಿ ಎಷ್ಟೋ ಕಡೆ ಹಾಗೇ ತೆಗೆದೂಬಿಡುತ್ತಾರೆ. ನನ್ನ ತಕರಾರು ಇರುವುದೇ ಅಲ್ಲಿ. ಒಳಗೇನಿದೆ ಎಂದು ತಿಳಿಯದೆ ತೆಗೆದರೆ ಅಂಡಾಶಯ ಒಳಗೇ ಉಳಿಯಬಹುದು, ದುಗ್ಧಗ್ರಂಥಿಗಳನ್ನು ಯಾರೂ ನೋಡದೇ ಹೋಗಬಹುದು. ಗರ್ಭಕೋಶವನ್ನು ತುಂಡುಮಾಡಿ ಹೊರಗೆಳೆದರಂತೂ ರೋಗವನ್ನು ನಾವೇ ಹೊಟ್ಟೆಯೊಳಗೆ ಚೆಲ್ಲಿದಂತೆ.

ಮೊದಲು ಬೇಕಾದದ್ದು ಒಳಪದರದ ತುಣುಕು. ಸುಮಾರು 3 ಮಿ.ಮೀ. ದಪ್ಪದ ಪ್ಲಾಸ್ಟಿಕ್ ನಳಿಗೆ, ಹೆಸರು ಪೈಪೆಲ್. ಗರ್ಭಕೊರಳಿನಿಂದ ಒಳಗೆ ಬಿಟ್ಟು, ನಡುವಿನ ಕಡ್ಡಿಯನ್ನು ಹಿಂದಕ್ಕೆಳೆದು, ತಿರುಗಿಸುತ್ತಾ ಹೊರತಂದರೆ ತುಣುಕುಗಳು ಹೀರಿ ಬರುತ್ತವೆ. ಮುಟ್ಟಿನ ನೋವಿನಂಥ ಸೆಳೆತ, ಕೆಲವೇ ನಿಮಿಷ. ಸಾಮಾನ್ಯವಾಗಿ ಅರಿವಳಿಕೆ ಬೇಡ. ಆದರೆ ನಳಿಗೆ ಎಲ್ಲ ಮೂಲೆಯನ್ನೂ ಮುಟ್ಟುವುದಿಲ್ಲ. ತುಣುಕು ಸಾಲದಿದ್ದರೆ, ಅಥವಾ ವರದಿ ಚೆನ್ನಾಗಿದ್ದೂ ರಕ್ತ ನಿಲ್ಲದಿದ್ದರೆ, ಹಿಸ್ಟರೋಸ್ಕೋಪಿಯಲ್ಲಿ ಕಣ್ಣಾರೆ ನೋಡಿ ತೆಗೆಯಬೇಕು.

ವರದಿ ಬಂತು: ಕ್ಯಾನ್ಸರ್, ಗ್ರೇಡ್ 1. ಅದನ್ನೇ "ಫಸ್ಟ್ ಸ್ಟೇಜ್" ಎಂದುಕೊಂಡರು ಮನೆಯವರು. ಗ್ರೇಡ್ ಎಂದರೆ ಜೀವಕೋಶದ ಸ್ವಭಾವ, ಸ್ಟೇಜ್ ಎಂದರೆ ಅದು ಹೋಗಿರುವ ದೂರ. ಎಂಆರ್‌ಐ ಅಂದಾಜು ಕೊಡುತ್ತದೆ. ತೀರ್ಮಾನವಾಗುವುದು ಶಸ್ತ್ರಚಿಕಿತ್ಸೆಯಲ್ಲಿ ತೆಗೆದದ್ದನ್ನು ಸೂಕ್ಷ್ಮದರ್ಶಕದಡಿ ನೋಡಿದ ಮೇಲೆ. ಗರ್ಭಕೋಶದೊಳಗೇ ಇದ್ದರೆ ಒಂದನೇ ಹಂತ, ಕೊರಳಿಗೆ ಇಳಿದಿದ್ದರೆ ಎರಡು, ಅಂಡಾಶಯ ಅಥವಾ ದುಗ್ಧಗ್ರಂಥಿ ಮುಟ್ಟಿದ್ದರೆ ಸಾಮಾನ್ಯವಾಗಿ ಮೂರು, ಮೂತ್ರಕೋಶ, ಕರುಳಿನ ಒಳಪದರ ಅಥವಾ ದೂರದ ಅಂಗ ಸೇರಿದ್ದರೆ ನಾಲ್ಕು.

ಈ ತಾಯಿಯ ಗರ್ಭಕೋಶ, ನಾಳ, ಅಂಡಾಶಯಗಳನ್ನು ಇಡಿಯಾಗಿ ತೆಗೆದರು. ರೋಗ ಸ್ನಾಯುವಿನ ಅರ್ಧದಷ್ಟೂ ಆಳಕ್ಕೆ ಇಳಿದಿರಲಿಲ್ಲ. ಪರೀಕ್ಷಿಸಿದ ಎರಡು ಗ್ರಂಥಿಗಳೂ ಶುದ್ಧ. ಸ್ಟೇಜ್ 1ಎ. ರೇಡಿಯೇಷನ್ ಬೇಕಾಗಲಿಲ್ಲ.

ನಿಮ್ಮ ಮನೆಯ ಹಿರಿಯರಿಗೂ ಕಲೆ ಕಂಡರೆ ಅದೇ ವಾರ ಕರೆದುಕೊಂಡು ಹೋಗಿ. ಗರ್ಭಕೋಶ ತೆಗೆಯುವ ಕಾಗದಕ್ಕೆ ಸಹಿ ಹಾಕುವ ಮುಂಚೆ ಕೇಳಿ: ಒಳಪದರದ ಬಯಾಪ್ಸಿ ವರದಿ ಎಲ್ಲಿ?