ಹಬ್ಬಕ್ಕೆ ಹೆಸರಿದೆ, ಅದನ್ನು ಬರೆಯಲಿ



ಯುಗಾದಿಯಂದು ಮೈಸೂರಿನ ಕೆಫೆಯೊಂದು ಹಾಕಿದ ಶುಭಾಶಯದ ಪೋಸ್ಟ್ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯ ಓದುಗರೊಬ್ಬರು ಪತ್ರ ಬರೆದಿದ್ದರು. ನಾನಾ ಜಾತಿ, ಮತದವರು ಬಂದುಹೋಗುವ ಅಂಗಡಿಯವರು ಯಾವ ಹಬ್ಬದ ಹೆಸರನ್ನೂ ಎತ್ತಬಾರದು, ‘ಎಲ್ಲರಿಗೂ ಹಬ್ಬದ ಶುಭಾಶಯ’ ಎಂದಷ್ಟೇ ಬರೆದರೆ ಯಾರ ಮನಸ್ಸೂ ನೋಯುವುದಿಲ್ಲ ಎಂಬುದು ಅವರ ಸಲಹೆ. ಇದನ್ನು ನಾನು ಒಪ್ಪುವುದಿಲ್ಲ. ಒಂಬತ್ತು ವರ್ಷದಿಂದ ಸಣ್ಣ ಹೋಟೆಲು, ಬೇಕರಿ, ಬಟ್ಟೆ ಅಂಗಡಿಗಳಿಗೆ ಇಂಥ ಪೋಸ್ಟ್‌ಗಳನ್ನು ಬರೆದುಕೊಟ್ಟೇ ನನ್ನ ಸಂಸಾರ ನಡೆಯುತ್ತಿದೆ. ಆ ಕೆಫೆಯ ಪೋಸ್ಟ್ ನಾನು ಬರೆದದ್ದಲ್ಲ. ಆದರೆ ವಾರಕ್ಕೆರಡು ಸಲವಾದರೂ ಅಲ್ಲಿ ಕಾಫಿ ಕುಡಿಯುತ್ತೇನೆ, ಅವರ ಮೇಲೆ ನನಗೆ ಅಭಿಮಾನವಿದೆ.

2025ರ ಮಾರ್ಚ್ 30ರ ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಂದ ಪೋಸ್ಟ್ ಅದು. ಚಿತ್ರದಲ್ಲಿ ಬೇವು ಬೆಲ್ಲದ ಬಟ್ಟಲು, ಅದರ ನೆತ್ತಿಯ ಮೇಲೆ ಬಾಲಚಂದ್ರ, ಪಕ್ಕದಲ್ಲಿ ದೀಪ, ಮೂಲೆಯಲ್ಲೊಂದು ಶಿಲುಬೆ. ಕೆಳಗೆ, ‘ನಮ್ಮೆಲ್ಲರ ಹೊಸ ವರ್ಷಕ್ಕೆ ಶುಭಾಶಯ! ನಾಳೆ ಈದ್ ಮುಬಾರಕ್! ಹಬ್ಬದ ಪ್ರಯುಕ್ತ ಎರಡು ದಿನ ಸಸ್ಯಾಹಾರ ಮಾತ್ರ.’ ಬರೆದವರು ಯಾರನ್ನೂ ಬಿಡಬಾರದೆಂದೇ ಹೊರಟಿದ್ದಾರೆ, ಅದರಲ್ಲಿ ಸಂಶಯವಿಲ್ಲ. ಆದರೂ ಮೂರು ವಾಕ್ಯದಲ್ಲಿ ಮೂರೂ ಕಡೆ ಎಡವಿದ್ದಾರೆ.

ಮೊದಲು ‘ನಮ್ಮೆಲ್ಲರ ಹೊಸ ವರ್ಷ’. ಆ ಕೆಫೆಗೆ ಬರುವ ವಿದ್ಯಾರ್ಥಿಗಳಲ್ಲಿ ಕೊಡಗಿನವರು ಬಹಳ. ಪೋಸ್ಟಿನ ಕೆಳಗೆ ಒಬ್ಬ ಹುಡುಗಿ, ‘ಅಣ್ಣಾ, ನಮಗೆ ಹೊಸ ವರ್ಷ ಬಿಸು ಚಂಗ್ರಾಂದಿಗೆ, ಏಪ್ರಿಲ್ 14ಕ್ಕೆ’ ಎಂದು ಬರೆದಿದ್ದಳು. ತುಳುವರ ಬಿಸುವೂ ತಮಿಳರ ಪುತ್ತಾಂಡೂ ಅದೇ ದಿನ. ಇವರದು ಸೂರ್ಯನನ್ನು ಹಿಡಿದು ಎಣಿಸುವ ವರ್ಷ, ನಮ್ಮ ಯುಗಾದಿಯದು ಚಂದ್ರನನ್ನು. ಮುಸ್ಲಿಮರಿಗೆ ವರ್ಷ ಶುರುವಾಗುವುದು ಮೊಹರಂ ತಿಂಗಳಲ್ಲಿ. ಹೀಗಿರುವಾಗ ‘ನಮ್ಮೆಲ್ಲರ’ ಎಂಬ ಒಂದು ಮಾತು ಅಕ್ಕರೆಯಿಂದಲೇ ಎಷ್ಟೋ ಜನರನ್ನು ಹೊರಗೆ ನಿಲ್ಲಿಸಿತು. ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿಯ ಮಾತನ್ನು ಅಳಿಸಿ ಹಾಕಿದ್ದರು. ನನಗೆ ನಿಜಕ್ಕೂ ಬೇಸರವಾದದ್ದು ಆಗಲೇ. ‘ಹೌದಮ್ಮಾ, ತಪ್ಪಾಯಿತು, ತಿದ್ದಿದ್ದೇವೆ’ ಎಂದು ಬರೆದು ಒಂದು ಪದ ಬದಲಾಯಿಸಿದ್ದರೆ ಅವಳು ಗೆಳತಿಯರನ್ನೂ ಕರೆದುಕೊಂಡು ಬರುತ್ತಿದ್ದಳು.

ಇನ್ನು ‘ನಾಳೆ ಈದ್’. 2025ರಲ್ಲಿ ನಮ್ಮಲ್ಲಿ ರಂಜಾನ್ ಉಪವಾಸ ಶುರುವಾದದ್ದು ಮಾರ್ಚ್ 2ಕ್ಕೆ. ಅಂದರೆ ಯುಗಾದಿಯ ದಿನ ಇಪ್ಪತ್ತೊಂಬತ್ತನೆಯ ರೋಜಾ. ಅಂದು ಸಂಜೆ ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ರೋಜಾ ಹಿಡಿದು ಮಂಗಳವಾರ ಹಬ್ಬ. ಬೆಳಿಗ್ಗೆ ಎಂಟಕ್ಕೆ ಅದನ್ನು ಯಾರೂ ಹೇಳುವ ಹಾಗಿಲ್ಲ, ಕ್ಯಾಲೆಂಡರಿನಲ್ಲಿ ಕೆಂಪಕ್ಷರ ಎಲ್ಲೇ ಇರಲಿ. ಸಂಜೆ ಚಂದ್ರ ಕಂಡಿತು, ಸೋಮವಾರವೇ ಹಬ್ಬವಾಯಿತು. ಕೆಫೆಯವರ ಮಾತು ನಿಜವಾಯಿತೆಂದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಮನೆಮಂದಿಯೆಲ್ಲ ಮಹಡಿ ಹತ್ತಿ ಪಡುವಣ ದಿಕ್ಕಿಗೆ ಕಣ್ಣು ನೆಟ್ಟು ಕಾಯುವುದು ಆ ಹಬ್ಬದ ಒಂದು ಭಾಗ. ಅದು ಗೊತ್ತಿದ್ದವರು ಪೋಸ್ಟ್ ಸಿದ್ಧಮಾಡಿಟ್ಟುಕೊಂಡು, ಚಂದ್ರದರ್ಶನದ ಸುದ್ದಿ ಬಂದ ಮೇಲೆ ಹಾಕುತ್ತಾರೆ. ಕರಾವಳಿಯಲ್ಲಿ ಅಂಗಡಿಯಿದ್ದರೆ ಅಲ್ಲಿಯ ಖಾಝಿಯವರ ಘೋಷಣೆಯನ್ನು ನೋಡಬೇಕು. ಕೆಲವು ವರ್ಷ ಅಲ್ಲಿ ಒಂದು ದಿನ ಮುಂಚೆಯೇ ಹಬ್ಬವಾಗುತ್ತದೆ.

ಈ ಎರಡು ಹಬ್ಬಗಳು ಹತ್ತಿರ ಬಂದದ್ದಕ್ಕೆ ಕಾರಣವಿದೆ. ಅಮಾವಾಸ್ಯೆ ಕಳೆದರೆ ಚೈತ್ರದ ಪಾಡ್ಯ, ಅದೇ ಅಮಾವಾಸ್ಯೆ ಕಳೆದು ಚಂದ್ರ ಕಂಡರೆ ಶವ್ವಾಲ್ ತಿಂಗಳ ಒಂದನೆಯ ದಿನ. 2024ರಲ್ಲೂ ಏಪ್ರಿಲ್ 9ಕ್ಕೆ ಯುಗಾದಿ, ಮೈಸೂರು ಕಡೆ 11ಕ್ಕೆ ಈದ್ ಆಗಿತ್ತು. ನಮ್ಮಲ್ಲಿ ಅಧಿಕ ಮಾಸ ಸೇರಿಸಿ ಋತುವಿಗೆ ಹೊಂದಿಸಿಕೊಳ್ಳುತ್ತೇವೆ, ಮುಸ್ಲಿಮರಲ್ಲಿ ಸೇರಿಸುವುದಿಲ್ಲ, ಹಾಗಾಗಿ ಕೆಲವು ವರ್ಷದಲ್ಲಿ ಎರಡೂ ದೂರವಾಗುತ್ತವೆ. ನಮ್ಮ ಅಜ್ಜಿ ಯುಗಾದಿಯಾದ ಮೇಲೆ ಚಂದ್ರನನ್ನು ನೋಡದೆ ಊಟಕ್ಕೆ ಕೂರುತ್ತಿರಲಿಲ್ಲ. ಈ ಸಲ ನಾನೂ ಮಹಡಿ ಹತ್ತಿದ್ದೆ. ಪಕ್ಕದ ಮನೆಯ ಮಹಡಿಯಲ್ಲಿ ನಮ್ಮ ಶಬಾನಕ್ಕ ಮಗುವನ್ನೆತ್ತಿಕೊಂಡು ಅದೇ ಗೆರೆಯಂಥ ಚಂದ್ರನನ್ನು ಹುಡುಕುತ್ತಿದ್ದರು. ಬಟ್ಟಲಿನ ಮೇಲೆ ಚಂದ್ರನನ್ನು ಅಂಟಿಸುವ ಬದಲು ಇಷ್ಟನ್ನು ಎರಡು ಸಾಲಿನಲ್ಲಿ ಬರೆದಿದ್ದರೆ ಆ ಪೋಸ್ಟ್ ಊರಿನ ಬಾಯಲ್ಲಿ ಬೇರೆ ರೀತಿಯಲ್ಲೇ ಇರುತ್ತಿತ್ತು.

ಮೂರನೆಯದು ಸಸ್ಯಾಹಾರ. ಯುಗಾದಿಯ ದಿನ ಹೋಳಿಗೆ, ಸರಿ. ಮರುದಿನ ಹಳೇ ಮೈಸೂರಿನಲ್ಲಿ ಹೊಸತೊಡಕು. ಮಟನ್ ಅಂಗಡಿಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಲ್ಲುತ್ತದೆ. ಯುಗಾದಿ ಮಾಡುವವರಲ್ಲೇ ಇಷ್ಟು ವ್ಯತ್ಯಾಸವಿದೆ, ಆ ಸೋಮವಾರ ಈದ್ ಬೇರೆ. ಅಡುಗೆಯವರಿಗೆ ರಜೆ ಕೊಟ್ಟಿದ್ದರಿಂದ ಸಸ್ಯಾಹಾರ ಮಾತ್ರ ಮಾಡುತ್ತಿದ್ದರೆ ಹಾಗೆಂದೇ ಬರೆಯಬಹುದಿತ್ತು. ‘ಹಬ್ಬದ ಪ್ರಯುಕ್ತ’ ಎಂದ ಕೂಡಲೇ ಹಬ್ಬದ ಊಟ ಯಾವುದೆಂದು ಅಂಗಡಿಯೇ ತೀರ್ಪು ಕೊಟ್ಟಂತಾಯಿತು.

ಪತ್ರ ಬರೆದವರು ಹೇಳುವಂತೆ ಹೆಸರನ್ನೇ ಅಳಿಸಿದರೆ ಇದು ಯಾವುದೂ ಸರಿಹೋಗುವುದಿಲ್ಲ. ‘ಎಲ್ಲರಿಗೂ ಹಬ್ಬದ ಶುಭಾಶಯ’ ಎಂದಾಗ ಹಬ್ಬ ಮಾಡುವವನಿಗೆ ತನ್ನ ಹಬ್ಬ ಕಾಣುವುದಿಲ್ಲ, ಮಾಡದವನ ತಲೆಗೂ ಹಬ್ಬ ಕಟ್ಟಿದಂತಾಗುತ್ತದೆ. ಎಲ್ಲ ಚಿಹ್ನೆಗಳನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ಜೈನರು, ಬೌದ್ಧರು, ಯಾವ ದೇವರನ್ನೂ ನಂಬದವರು ‘ನಾವೆಲ್ಲಿ’ ಎಂದು ಕೇಳುತ್ತಾರೆ, ಕೇಳುವುದು ನ್ಯಾಯ. ನಾನಾಗಿದ್ದರೆ ಎರಡು ಪೋಸ್ಟ್ ಬರೆಯುತ್ತಿದ್ದೆ. ಭಾನುವಾರ ಬೆಳಿಗ್ಗೆ: ‘ಯುಗಾದಿ ಆಚರಿಸುವ ಎಲ್ಲರಿಗೂ ಶುಭಾಶಯ. ಇವತ್ತು ಹೋಳಿಗೆ ಇದೆ, ಮಾಮೂಲಿ ತಿಂಡಿಯೂ ಇದೆ. ರಾತ್ರಿ 9ರವರೆಗೆ ತೆರೆದಿರುತ್ತೇವೆ. ರೋಜಾ ಬಿಡುವವರಿಗೆ ಖರ್ಜೂರ, ನೀರು ಇಟ್ಟಿರುತ್ತೇವೆ.’ ರಾತ್ರಿ, ಸುದ್ದಿ ಖಚಿತವಾದ ಮೇಲೆ: ‘ಚಂದ್ರ ಕಂಡಿದೆ. ನಾಳೆ ಈದ್ ಆಚರಿಸುವವರಿಗೆ ಈದ್ ಮುಬಾರಕ್. ನಮ್ಮ ಸಿಬ್ಬಂದಿ ನಮಾಜ್ ಮುಗಿಸಿ ಬರುವುದರಿಂದ ಬೆಳಿಗ್ಗೆ 11ಕ್ಕೆ ತೆರೆಯುತ್ತೇವೆ.’ ಎರಡರಲ್ಲೂ ‘ಆಚರಿಸುವ’ ಎಂಬ ಮಾತಿದೆ, ಹಬ್ಬವಿಲ್ಲದವನಿಗೂ ಅಂಗಡಿಯ ಸಮಯ ತಿಳಿಯುತ್ತದೆ.

ಎಲ್ಲ ಹಬ್ಬಕ್ಕೂ ಪೋಸ್ಟ್ ಹಾಕಲಾದೀತೇ ಎಂದರೆ, ಆಗದು. ಅಂಗಡಿಯಲ್ಲಿ ಕೆಲಸ ಮಾಡುವವರು, ದಿನವೂ ಬರುವವರು ಯಾವ ಹಬ್ಬ ಮಾಡುತ್ತಾರೆಂದು ಕೇಳಿ ವರ್ಷದ ಮೊದಲೇ ಪಟ್ಟಿ ಮಾಡಿಕೊಂಡರೆ ಸಾಕು. ಆ ಪಟ್ಟಿಯಲ್ಲಿರುವುದಕ್ಕೆಲ್ಲ ಒಂದೇ ಅಳತೆ ಇರಲಿ. ಹಳೆಯ ಪೋಸ್ಟ್‌ಗಳನ್ನು ಒಮ್ಮೆ ಹಿಂದಕ್ಕೆ ಸರಿಸಿ ನೋಡಿದರೆ ತಾರತಮ್ಯ ತಾನಾಗಿ ಕಾಣುತ್ತದೆ: ದೀಪಾವಳಿಗೆ ಐದು ದಿನ ವಿಡಿಯೊ, ಕ್ರಿಸ್‌ಮಸ್‌ಗೆ ಕೇಕಿನ ಮೇಲೆ ರಿಯಾಯಿತಿ ಮಾತ್ರ.

2025ರ ಏಪ್ರಿಲ್ 14ಕ್ಕೆ ಬಿಸು, ಅಂದೇ ಅಂಬೇಡ್ಕರ್ ಜಯಂತಿ. 18ಕ್ಕೆ ಗುಡ್ ಫ್ರೈಡೇ. ಅದು ಏಸುವಿನ ಮರಣವನ್ನು ನೆನೆಯುವ ದಿನ, ‘ಶುಭಾಶಯಗಳು’ ಎನ್ನುವ ದಿನವಲ್ಲ. ಪ್ರತಿ ವರ್ಷ ಆ ದಿನ ಶುಭ ಹಾರೈಸಿ ರಿಯಾಯಿತಿ ಕೊಡುವ ಪೋಸ್ಟ್‌ಗಳು ನನ್ನ ಕಣ್ಣಿಗೆ ಬೀಳುತ್ತವೆ. ಆ ಕೆಫೆಯವರು ಅಂದು ಬಾಗಿಲು ತೆರೆಯುವ ಸಮಯವನ್ನಷ್ಟೇ ಬರೆಯಲಿ. ಕೊಡಗಿನ ಹುಡುಗಿಗೆ ಉತ್ತರ ಕೊಡಲು ಅವರಿಗೆ 14ರವರೆಗೆ ಸಮಯವಿದೆ.

ಓದುಗರೊಬ್ಬರು, ಮೈಸೂರು